ಕಂಡೆನ್ಸ್ಡ್ ಮಿಲ್ಕ್, ಇವಾಪರೇಟೆಡ್ ಮಿಲ್ಕ್: ಯಾವ ಡಬ್ಬ ಯಾವ ಸಿಹಿಗೆ, ತಪ್ಪು ಡಬ್ಬ ಒಡೆದರೆ ಏನು ಮಾಡಬೇಕು

ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಲ್ಲಿ ಹಬ್ಬಕ್ಕೆ, ಸೀಮಂತಕ್ಕೆ ಸಿಹಿ ಆರ್ಡರ್ ಮಾಡಿಕೊಡುತ್ತೇನೆ. ವರ್ಷಕ್ಕೆ ನಾಲ್ಕೈದು ಸಲವಾದರೂ ಒಂದೇ ಥರದ ಫೋನ್ ಬರುತ್ತದೆ. ಹೋದ ದೀಪಾವಳಿಗೆ ನಿಟುವಳ್ಳಿಯಿಂದ ಒಬ್ಬ ಅಕ್ಕ ಮಾಡಿದ್ದರು: "ಅಕ್ಕಾರೆ, ಕೊಬ್ಬರಿ ಬರ್ಫಿ ಒಂದು ತಾಸಿನಿಂದ ತಿರುವುತ್ತಾ ಇದೀನ್ರಿ. ಗಟ್ಟಿನೇ ಆಗವಲ್ದು. ಕೈ ಬಿದ್ದೋಗಾಕತ್ತಾವು."

ಡಬ್ಬದ ಮೇಲೆ ಏನು ಬರೆದಿದೆ ಅಂತ ಕೇಳಿದೆ. ದುಬೈಯಿಂದ ತಮ್ಮ ತಂದುಕೊಟ್ಟ ಡಬ್ಬ. ಮೇಲೆ ಹಾಲಿನ ಚಿತ್ರ, ಒಳಗೆ ಕೆನೆಬಣ್ಣದ ಹಾಲು, ಮಿಲ್ಕ್‌ಮೇಡ್ ಥರಾನೇ ಇರಬೇಕು ಅಂದುಕೊಂಡು ಸುರಿದುಬಿಟ್ಟಿದ್ದರು. ಅದು ಇವಾಪರೇಟೆಡ್ ಮಿಲ್ಕ್. ಅದರಲ್ಲಿ ಹಾಕಿದ ಸಕ್ಕರೆ ಒಂದು ಚಮಚವೂ ಇಲ್ಲ. ಬರ್ಫಿ ಕಟ್ಟಬೇಕಾದದ್ದೇ ಆ ಸಕ್ಕರೆ.

ಇನ್ನು ಮುಂದೆ ಕಂಡೆನ್ಸ್ಡ್ ಮಿಲ್ಕಿಗೆ "ಸಿಹಿ ಡಬ್ಬ", ಇವಾಪರೇಟೆಡ್ ಮಿಲ್ಕಿಗೆ "ಸಪ್ಪೆ ಡಬ್ಬ" ಅನ್ನುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಹಾಗೇ ಕರೆಯೋದು.

## ಹಂತ 1: ಒಡೆಯುವ ಮುಂಚೆ ಡಬ್ಬ ಗುರುತಿಸಿ

ಮೊದಲು ಡಬ್ಬವನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಸಪ್ಪೆ ಡಬ್ಬದಲ್ಲಿ ಹಾಲು ಕುಲುಕುವ ಸದ್ದು ಕೇಳುತ್ತದೆ. ಸಿಹಿ ಡಬ್ಬ ಸುಮ್ನೆ ಕೂತಿರುತ್ತದೆ. ಒಳಗಿನದು ಜೇನುತುಪ್ಪದಷ್ಟು ದಪ್ಪ, ಅದು ಕುಲುಕಲ್ಲ.

ಆಮೇಲೆ ಹಿಂಬದಿಯ ಪಟ್ಟಿ ಓದಿ. ನೂರು ಗ್ರಾಂಗೆ ಸಕ್ಕರೆ ಎಷ್ಟು ಅಂತ ಒಂದು ಸಾಲು ಇರುತ್ತದೆ. ಅಲ್ಲಿ 10 ಗ್ರಾಂ ಆಸುಪಾಸು ಇದ್ದರೆ ಅದು ಸಪ್ಪೆ ಡಬ್ಬ. ಆ ಹತ್ತು ಗ್ರಾಂ ಹಾಲಿನಲ್ಲೇ ಇರುವ ಸಕ್ಕರೆ, ಯಾರೂ ಹಾಕಿದ್ದಲ್ಲ. 55 ಆಸುಪಾಸು ಇದ್ದರೆ ಸಿಹಿ ಡಬ್ಬ. ಮುಂಭಾಗದ ಅಕ್ಷರ ಅರಬಿಯಲ್ಲಿರಲಿ, ಇನ್ಯಾವುದರಲ್ಲೇ ಇರಲಿ, ಈ ಅಂಕಿ ಸುಳ್ಳು ಹೇಳಲ್ಲ.

ಹೊರದೇಶದ ಡಬ್ಬ ಆದರೆ ಇನ್ನೊಂದು ಸಾಲು ನೋಡಿ. ಕೆಲವು ಡಬ್ಬಗಳಲ್ಲಿ ಹಾಲಿನ ಕೊಬ್ಬು ತೆಗೆದು ಅದರ ಜಾಗಕ್ಕೆ ಪಾಮ್ ಎಣ್ಣೆ ಹಾಕಿರುತ್ತಾರೆ. ಸಾಮಗ್ರಿಯಲ್ಲಿ "ವೆಜಿಟೇಬಲ್ ಆಯಿಲ್" ಅಂತ ಇರುತ್ತದೆ. ಚಹಾಕ್ಕೆ ನಡೆಯುತ್ತದೆ. ಬರ್ಫಿಗೆ, ಕುಲ್ಫಿಗೆ ನಾನಂತೂ ಹಾಕಲ್ಲ, ಬಾಯಲ್ಲಿ ಮೇಣದ ಥರ ಅಂಟುತ್ತದೆ.

## ಹಂತ 2: ಡಬ್ಬದೊಳಗಿನ ಲೆಕ್ಕ ಒಮ್ಮೆ ತಿಳಿದುಕೊಳ್ಳಿ

ಎರಡೂ ಡಬ್ಬ ಶುರುವಾಗುವುದು ಒಂದೇ ಹಾಲಿನಿಂದ. ಎರಡರಲ್ಲೂ ಹಾಲಿನ ನೀರನ್ನು ಅರ್ಧಕ್ಕಿಂತ ಜಾಸ್ತಿ ಆವಿ ಮಾಡಿ ತೆಗೆದಿರುತ್ತಾರೆ. ಕೆಡದ ಹಾಗೆ ಉಳಿಸುವ ದಾರಿ ಮಾತ್ರ ಬೇರೆ.

ಸಪ್ಪೆ ಡಬ್ಬವನ್ನು ಮುಚ್ಚಿದ ಮೇಲೆ ಡಬ್ಬ ಸಮೇತ ನೂರು ಡಿಗ್ರಿ ದಾಟಿ ಕಾಯಿಸುತ್ತಾರೆ, ನಮ್ಮ ಕುಕ್ಕರಿನ ಹಾಗೆ. ಒಳಗಿನ ಕ್ರಿಮಿ ಸಾಯುತ್ತದೆ. ಆ ಕಾವಿಗೇ ಹಾಲು ಸ್ವಲ್ಪ ಕೆನೆಬಣ್ಣಕ್ಕೆ ತಿರುಗುತ್ತದೆ, ಕಾಯಿಸಿದ ವಾಸನೆ ಬರುತ್ತದೆ. ಅಷ್ಟು ಕಾವಿಗೆ ಹಾಲು ಒಡೆಯದಿರಲಿ ಅಂತ ಸಾಮಾನ್ಯವಾಗಿ ಒಂಚೂರು ಫಾಸ್ಫೇಟ್ ಉಪ್ಪನ್ನೂ ಸೇರಿಸುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಪಾಯಸದ ಹಂತದಲ್ಲಿ ಬೇಕಾಗುತ್ತದೆ.

ಸಿಹಿ ಡಬ್ಬಕ್ಕೆ ಅಷ್ಟು ಕಾವು ಬೇಕಿಲ್ಲ. ಉಪ್ಪಿನಕಾಯಿಯನ್ನು ಉಪ್ಪು ಕಾಯುವ ಹಾಗೆ ಅದನ್ನು ಸಕ್ಕರೆಯೇ ಕಾಯುತ್ತದೆ. ಅದಕ್ಕೆ ತಕ್ಕ ಹಾಗೆ ಸಕ್ಕರೆಯೂ ಇರುತ್ತದೆ: 400 ಗ್ರಾಂ ಡಬ್ಬದಲ್ಲಿ ಹಾಕಿದ ಸಕ್ಕರೆ ಸುಮಾರು 175 ಗ್ರಾಂ. ಪಟ್ಟಿಯ ಆ 55ರಲ್ಲಿ ಹಾಲಿನ ಸಕ್ಕರೆಯೂ ಸೇರಿರುತ್ತದೆ.

ಅಡುಗೆಮನೆಗೆ ಬೇಕಾದ ಲೆಕ್ಕ ಇಷ್ಟೇ. 400 ಗ್ರಾಂ ಸಿಹಿ ಡಬ್ಬ ಅಂದರೆ ಹತ್ತಿರ ಹತ್ತಿರ ಒಂದು ಲೀಟರ್ ಹಾಲು, ಅದರ ಜೊತೆ 175 ಗ್ರಾಂ ಸಕ್ಕರೆ, ಉಳಿದ ನೀರು ನೂರು ಗ್ರಾಂ ಚಿಲ್ಲರೆ. 400 ಗ್ರಾಂ ಸಪ್ಪೆ ಡಬ್ಬ ಅಂದರೆ ಸುಮಾರು 800 ಎಂಎಲ್ ಹಾಲು, ಸಕ್ಕರೆ ಸೊನ್ನೆ, ನೀರು 300 ಗ್ರಾಂ.

ಆ ಕೊನೆಯ ಅಂಕಿ ನೋಡಿ. ನಿಟುವಳ್ಳಿ ಅಕ್ಕ ಒಂದು ತಾಸು ತಿರುವಿದ್ದು ಆ 300 ಗ್ರಾಂ ನೀರನ್ನು. ಸಿಹಿ ಡಬ್ಬ ಆಗಿದ್ದರೆ ಅದರ ಮೂರನೇ ಒಂದು ಭಾಗ ನೀರು ಇರುತ್ತಿತ್ತು, ಅದನ್ನೂ ಸಕ್ಕರೆ ಹಿಡಿದುಕೊಂಡು ಪಾಕವಾಗಿ ನಿಲ್ಲುತ್ತಿತ್ತು.

## ಹಂತ 3: ಸಾಮಾನು ಹೊಂದಿಸಿಕೊಳ್ಳಿ

ದಪ್ಪ ತಳದ ಅಗಲ ಬಾಣಲೆ ಬೇಕು. ಅಗಲ ಇದ್ದಷ್ಟೂ ನೀರು ಬೇಗ ಆರುತ್ತದೆ, ತಳ ದಪ್ಪ ಇದ್ದಷ್ಟೂ ಹತ್ತುವುದು ಕಡಿಮೆ. ತೆಳು ಸ್ಟೀಲ್ ಪಾತ್ರೆಯಲ್ಲಿ ಸಿಹಿ ಡಬ್ಬ ಸುರಿದರೆ ಐದೇ ನಿಮಿಷಕ್ಕೆ ತಳದಲ್ಲಿ ಕಂದು ಚುಕ್ಕೆ ಏಳುತ್ತವೆ. ತುದಿ ಚಪ್ಪಟೆ ಇರುವ ಮರದ ಸೌಟು ಇರಲಿ. ದುಂಡು ಸೌಟು ತಳದ ಮೂಲೆಗೆ ತಾಗಲ್ಲ.

ಇದೆಲ್ಲಕ್ಕಿಂತ ಮುಖ್ಯ ಒಂದು ಸಣ್ಣ ಡಿಜಿಟಲ್ ತಕ್ಕಡಿ. ಬಿಸಿ ಬಾಣಲೆಯನ್ನು ನೇರ ಅದರ ಮೇಲೆ ಇಡಬೇಡಿ, ಕೆಳಗೆ ಚಪಾತಿ ಮಣೆ ಇಟ್ಟುಕೊಳ್ಳಿ. ಖಾಲಿ ಬಾಣಲೆಯ ತೂಕವನ್ನು ಮೊದಲೇ ಬರೆದಿಡಿ. ಇದನ್ನು ಮರೆತು ನಾನು ಎಷ್ಟೋ ಸಲ ಕೈ ಹಿಸುಕಿಕೊಂಡಿದ್ದೇನೆ.

## ಹಂತ 4: ಸಿಹಿ ಡಬ್ಬದಿಂದ ಕೊಬ್ಬರಿ ಬರ್ಫಿ

ಸಿಹಿ ಡಬ್ಬದ ಗುಣವೆಲ್ಲ ಈ ಒಂದು ತಿನಿಸಿನಲ್ಲಿ ಕಾಣುತ್ತದೆ. ಅದಕ್ಕೇ ಇದನ್ನೇ ಬಿಡಿಸಿ ಹೇಳುತ್ತೇನೆ.

ಬೇಕಾದ್ದು: 400 ಗ್ರಾಂ ಸಿಹಿ ಡಬ್ಬ ಒಂದು, ಹಸಿ ಕೊಬ್ಬರಿ ತುರಿ 300 ಗ್ರಾಂ, ತುಪ್ಪ ಒಂದು ದೊಡ್ಡ ಚಮಚ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ಸಕ್ಕರೆ ಬೇಡ. "ಒಂದು ಹಿಡಿ ಹಾಕಿದ್ರೆ ಏನಾಯ್ತು" ಅನ್ನುವವರಿಗೆ: ಡಬ್ಬದಲ್ಲಿ ಆಗಲೇ 175 ಗ್ರಾಂ ಇದೆ.

ಮೊದಲು ಕೊಬ್ಬರಿ. ಕಾಯಿಯ ಬಿಳಿ ಭಾಗ ಮಾತ್ರ ತುರಿಯಿರಿ, ಕಂದು ಸಿಪ್ಪೆ ಬಂದರೆ ಬರ್ಫಿ ಮಂಕಾಗುತ್ತದೆ. ಹೊಸದುರ್ಗ ಕಡೆಯ ಬಲಿತ ಕಾಯಿ ಸಿಕ್ಕರೆ ಒಳ್ಳೇದು. ಎಳೇ ಕಾಯಿಯಲ್ಲಿ ನೀರು ಜಾಸ್ತಿ. ತುಪ್ಪದಲ್ಲಿ ತುರಿಯನ್ನು ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಾಡಿಸಿ. ಬಣ್ಣ ಬದಲಾಗಬಾರದು, ಒದ್ದೆ ಅಂಟು ಮಾತ್ರ ಹೋಗಬೇಕು. ಬೆರಳಲ್ಲಿ ಎತ್ತಿ ಉದುರಿಸಿದರೆ ಬಿಡಿಬಿಡಿಯಾಗಿ ಬೀಳಬೇಕು. ಈ ಹೆಜ್ಜೆ ಬಿಟ್ಟರೆ ಕೊಬ್ಬರಿಯ ನೀರು ಆಮೇಲೆ ಹಾಲಿಗೆ ಇಳಿಯುತ್ತದೆ, ಅಷ್ಟು ಹೊತ್ತು ಹಾಲು ಬೆಂಕಿಯ ಮೇಲೇ ಕೂತು ಕಂದಾಗುತ್ತದೆ.

ಆಮೇಲೆ ಹಾಲು. ಡಬ್ಬ ಪೂರ್ತಿ ಸುರಿಯಿರಿ. ಉರಿ ಸಣ್ಣದೇ ಇರಲಿ. ಕೈ ಬಿಡದೆ ತಳ ಕೆರೆಯುತ್ತಾ ತಿರುವಿ. ಹಾಲಿನ ಪ್ರೋಟೀನು, ಸಕ್ಕರೆ ಎರಡೂ ಇಷ್ಟು ಒತ್ತಾಗಿ ಇರುವ ಕಡೆ ಕಾವು ಬಿದ್ದರೆ ಬಣ್ಣ ಬೇಗ ಏರುತ್ತದೆ. ಬೆಳ್ಳಗಿನ ಬರ್ಫಿ ಬೇಕಾದರೆ ಉರಿ ಹೆಚ್ಚು ಮಾಡಿ ಹೊತ್ತು ಉಳಿಸುವ ಆಸೆ ಬಿಡಿ.

ಐದಾರು ನಿಮಿಷಕ್ಕೆ ಗಂಜಿಯ ಹಾಗೆ ಇರುತ್ತದೆ. ಹತ್ತು ನಿಮಿಷಕ್ಕೆ ಸೌಟು ಎಳೆದ ಕಡೆ ತಳ ಕಂಡು, ನಿಧಾನ ಮುಚ್ಚಿಕೊಳ್ಳುತ್ತದೆ. ಹನ್ನೆರಡರಿಂದ ಹದಿನೈದು ನಿಮಿಷದ ಹೊತ್ತಿಗೆ ಮುದ್ದೆಯೆಲ್ಲ ಅಂಚು ಬಿಟ್ಟು ಸೌಟಿನ ಹಿಂದೆ ಬರಲು ಶುರುವಾಗುತ್ತದೆ. ಆಗ ಚೂರು ತೆಗೆದು ತಟ್ಟೆಯ ಮೇಲಿಟ್ಟು, ಒಂದು ನಿಮಿಷ ಆರಲು ಬಿಟ್ಟು, ಉಂಡೆ ಮಾಡಿ. ಬೆರಳಿಗೆ ಅಂಟದೆ ದುಂಡಗಾದರೆ ಒಲೆ ಆರಿಸಿ. ಬಿಸಿ ಇರುವಾಗಲೇ ಉಂಡೆ ಮಾಡಲು ಹೋದರೆ ಯಾವಾಗಲೂ ಅಂಟುತ್ತದೆ, ಇನ್ನೂ ಆಗಿಲ್ಲ ಅಂತ ಮೋಸ ಹೋಗುತ್ತೀರಿ.

ತಟ್ಟೆಗೆ. ಉಪ್ಪು, ಏಲಕ್ಕಿ ಬೆರೆಸಿ, ತುಪ್ಪ ಸವರಿದ ತಟ್ಟೆಗೆ ಹಾಕಿ, ಬಟ್ಟಲಿನ ತಳದಿಂದ ಒತ್ತಿ ಮಟ್ಟ ಮಾಡಿ. ಇಪ್ಪತ್ತು ನಿಮಿಷಕ್ಕೆ ಚಾಕುವಿನಲ್ಲಿ ಗೆರೆ ಹಾಕಿ. ಬಿಡಿಸುವುದು ಎರಡು ತಾಸು ಕಳೆದ ಮೇಲೆ.

ಎಚ್ಚರಿಕೆಯ ಗುರುತು. ಮುದ್ದೆಯ ಅಂಚಿನಲ್ಲಿ ತುಪ್ಪದಂಥ ಎಣ್ಣೆ ಜಿನುಗಿದರೆ ಹದ ದಾಟಿತು ಅಂತ ಅರ್ಥ. ಒಲೆ ಆರಿಸಿ ಎರಡು ಚಮಚ ಬಿಸಿ ಹಾಲು ಬೆರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಂದು ಚುಕ್ಕೆ ಮೇಲೆ ಬಂದರೆ ತಳ ಹತ್ತಿದೆ. ಕೆರೆಯಬೇಡಿ! ಮೇಲಿನದನ್ನು ಮಾತ್ರ ಬೇರೆ ಬಾಣಲೆಗೆ ಜಾರಿಸಿ. ಕೆರೆದರೆ ಸುಟ್ಟ ವಾಸನೆ ಪೂರ್ತಿ ಸೇರುತ್ತದೆ, ಏಲಕ್ಕಿ ಎಷ್ಟು ಹಾಕಿದರೂ ಮುಚ್ಚಲ್ಲ. ಎರಡು ತಾಸಾದರೂ ಮೆತ್ತಗೇ ಇದ್ದರೆ ಗಾಬರಿ ಬೇಡ, ಮತ್ತೆ ಬಾಣಲೆಗೆ ಹಾಕಿ ಮೂರು ನಾಲ್ಕು ನಿಮಿಷ ತಿರುವಿ.

## ಹಂತ 5: ತಪ್ಪಿ ಸಪ್ಪೆ ಡಬ್ಬ ಒಡೆದಿದ್ದರೆ

"ಸಪ್ಪೆ ಡಬ್ಬಕ್ಕೆ ಸಕ್ಕರೆ ಕಲಸಿದ್ರೆ ಸಿಹಿ ಡಬ್ಬ ಆಗುತ್ತೆ" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಅರ್ಧ ಸತ್ಯ. ರುಚಿ ಬರುತ್ತದೆ, ಹದ ಬರಲ್ಲ. 400 ಗ್ರಾಂ ಸಪ್ಪೆ ಹಾಲಿಗೆ 150 ಗ್ರಾಂ ಸಕ್ಕರೆ ಕಲಸಿದರೆ 550 ಗ್ರಾಂ ಸಿಹಿ ಹಾಲಾಯಿತು. ಆ 300 ಗ್ರಾಂ ನೀರು ಹಾಗೇ ಇದೆ ಅಲ್ವಾ? ಅದರಲ್ಲಿ 210 ಗ್ರಾಂ ಹೋಗಬೇಕು.

ಹೀಗೆ ಮಾಡಿ. ಕೊಬ್ಬರಿ ಇನ್ನೂ ಹಾಕಿಲ್ಲದಿದ್ದರೆ ನೇರ ಶುರುಮಾಡಿ. ಆಗಲೇ ಹಾಕಿದ್ದರೆ ದೊಡ್ಡ ಜರಡಿಯಲ್ಲಿ ಸೋಸಿ, ಸೌಟಿನಿಂದ ಒತ್ತಿ ಹಾಲು ಇಳಿಸಿ, ಕೊಬ್ಬರಿಯನ್ನು ಪಕ್ಕಕ್ಕೆ ಇಡಿ. ಕೊಬ್ಬರಿ ಒಳಗೇ ಇದ್ದರೆ ಹಾಲು ಕುದಿಯಲು ಜಾಗ ಸಿಗಲ್ಲ, ಆವಿ ಹೋಗುವುದು ನಿಧಾನ, ತಳ ಮಾತ್ರ ಸುಡುತ್ತದೆ. ನಿಟುವಳ್ಳಿ ಬಾಣಲೆಯಲ್ಲಿ ಆಗಿದ್ದು ಇದೇ.

ಹಾಲಿಗೆ 150 ಗ್ರಾಂ ಸಕ್ಕರೆ ಹಾಕಿ ಕರಗಿಸಿ. ಮಧ್ಯಮ ಉರಿಯಲ್ಲಿ ಕುದಿಗೆ ತಂದು, ಸಣ್ಣ ಮಾಡಿ. ತಿರುವುತ್ತಲೇ ಇರಿ. ಬಾಣಲೆಯ ಗೋಡೆಗೆ ಅಂಟಿ ಒಣಗಿದ ಸಕ್ಕರೆಯನ್ನು ಕೆರೆದು ಒಳಗೆ ಬೀಳಿಸಬೇಡಿ, ಆ ಹರಳು ಬಿದ್ದರೆ ಹಾಲೆಲ್ಲ ಮರಳು ಮರಳಾಗಬಹುದು. ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸಿಕೊಳ್ಳಿ.

ಬಾಣಲೆಯ ತೂಕ ಕಳೆದು 340 ಗ್ರಾಂ ಬಂದಾಗ ನಿಲ್ಲಿಸಿ. ಅಗಲ ಬಾಣಲೆ ಆದರೆ ಇಪ್ಪತ್ತು, ಇಪ್ಪತ್ತೈದು ನಿಮಿಷ. ತಕ್ಕಡಿ ಇಲ್ಲದವರು ಶುರುವಿನಲ್ಲೇ ಸೌಟನ್ನು ನೆಟ್ಟಗೆ ನಿಲ್ಲಿಸಿ ಹಾಲಿನ ಮಟ್ಟಕ್ಕೆ ಗುರುತು ಹಾಕಿಕೊಳ್ಳಿ. ಅದರ ಅರ್ಧಕ್ಕಿಂತ ಒಂಚೂರು ಮೇಲೆ ನಿಂತರೆ ಸಾಕು. ನೋಡಲು ಇನ್ನೂ ತೆಳು ಅನಿಸುತ್ತದೆ, ಆರಿದ ಮೇಲೆ ದಪ್ಪ ಆಗುತ್ತದೆ. ಬಿಸಿಯಲ್ಲೇ ಡಬ್ಬದಷ್ಟು ದಪ್ಪ ಬರಲಿ ಅಂತ ಕಾದವರು ಖೋವಾ ಮಾಡಿಕೊಂಡಿರುತ್ತಾರೆ.

ಈಗ ಇದಕ್ಕೆ 250 ಗ್ರಾಂ ಕೊಬ್ಬರಿ ಸೇರಿಸಿ, ಹಂತ 4ರ ಹಾಗೆ ಮುಂದುವರಿಸಿ. ಬಣ್ಣ ಸ್ವಲ್ಪ ಕೆನೆಗಂದು ಇರುತ್ತದೆ. ಸಪ್ಪೆ ಡಬ್ಬದ ಹಾಲೇ ಆ ಬಣ್ಣ, ನಿಮ್ಮ ತಪ್ಪಲ್ಲ.

ನಿಟುವಳ್ಳಿ ಅಕ್ಕನದು ಇಲ್ಲಿಗೂ ಉಳಿಯಲಿಲ್ಲ. ತಳ ಹತ್ತಿ, ಹಾಲು ಕಾಳುಕಾಳಾಗಿತ್ತು. ಮೇಲಿನದನ್ನು ಬೇರೆ ಪಾತ್ರೆಗೆ ತೆಗೆದು, ಅರ್ಧ ಲೀಟರ್ ಹಾಲು, ಸಕ್ಕರೆ, ಹುರಿದ ಶಾವಿಗೆ ಹಾಕಿ ಪಾಯಸ ಮಾಡಿ ಅಂದೆ. ಬಂದವರೆಲ್ಲ ಎರಡೆರಡು ಲೋಟ ಕುಡಿದರಂತೆ.

ಉಲ್ಟಾ ಕೇಳುವವರೂ ಇದ್ದಾರೆ: ಸಪ್ಪೆ ಡಬ್ಬ ಬೇಕಾದ ಕಡೆ ಸಿಹಿ ಡಬ್ಬ ಹಾಕಬಹುದಾ? ನೀರು ಸೇರಿಸಿ ತೆಳು ಮಾಡಬಹುದು, ಸಕ್ಕರೆಯನ್ನು ಹೊರಗೆ ತೆಗೆಯಲು ಆಗಲ್ಲ. ಮಾಡುವ ಸಿಹಿಯಲ್ಲಿ ಹೇಗೂ 175 ಗ್ರಾಂ ಸಕ್ಕರೆ ಇದ್ದರೆ ಅದನ್ನು ಬಿಟ್ಟು ಸಿಹಿ ಡಬ್ಬ ಹಾಕಿ. ಇಲ್ಲದಿದ್ದರೆ ಬೇಡ.

## ಹಂತ 6: ಕುಲ್ಫಿಗೆ ಎರಡೂ ಬೇಕು

ಒಂದು ಯುಗಾದಿಗೆ ನಾನು ಕುಲ್ಫಿ ಮಾಡಿದ್ದೆ. ಸಿಹಿ ಡಬ್ಬ ಒಂದು, ಅರ್ಧ ಲೀಟರ್ ಹಾಲು. ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟರೂ ಕಡ್ಡಿ ಎಳೆದರೆ ಕಡ್ಡಿ ಒಂದೇ ಬಂತು. ಅಚ್ಚಿನಿಂದ ಬಂದ ನಾಲ್ಕೈದು ನಮ್ಮ ದಾವಣಗೆರೆಯ ಬಿಸಿಲಿಗೆ ಮಕ್ಕಳ ಮೊಣಕೈವರೆಗೆ ಇಳಿದವು.

ಕಾರಣ ಸಕ್ಕರೆಯೇ. ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಲ್ಲ, ಇನ್ನೂ ಕೆಳಗೆ ಹೋಗಬೇಕು. ಆ ಮಿಶ್ರಣದಲ್ಲಿ ಹಾಕಿದ ಸಕ್ಕರೆಯೇ ನೂರಕ್ಕೆ ಹತ್ತೊಂಬತ್ತರ ಮೇಲಿತ್ತು. ಮನೆ ಫ್ರೀಜರಿಗೆ ಅದು ಜಾಸ್ತಿ. ಮುಂದಿನ ಸಲ ಸಪ್ಪೆ ಡಬ್ಬ ಒಂದೇ ಹಾಕಿ, ಸಕ್ಕರೆ ಎರಡೇ ಚಮಚ ಹಾಕಿದೆ. ಅದು ಐಸ್ ಗೆಡ್ಡೆ ಆಯಿತು, ಹಲ್ಲಿಗೆ ಕರಕರ.

ಈಗ ನಾನು ಹಾಕುವ ಲೆಕ್ಕ: ಸಪ್ಪೆ ಹಾಲು 500 ಗ್ರಾಂ, ಸಿಹಿ ಡಬ್ಬದ ಅರ್ಧ, ಅಂದರೆ 200 ಗ್ರಾಂ. ಹಾಕಿದ ಸಕ್ಕರೆ ನೂರಕ್ಕೆ ಹನ್ನೆರಡು ಹದಿಮೂರಕ್ಕೆ ನಿಲ್ಲುತ್ತದೆ. ಕಚ್ಚಿದರೆ ಗಟ್ಟಿ, ಬಾಯಲ್ಲಿ ಕೆನೆ.

ಸಪ್ಪೆ ಡಬ್ಬ ನಮ್ಮೂರಿನ ಎಲ್ಲ ಅಂಗಡಿಯಲ್ಲಿ ಸಿಗಲ್ಲ. ಅದನ್ನು ಹುಡುಕಿಕೊಂಡು ಅಲೆಯುವುದೂ ಬೇಡ, ಮನೆಯಲ್ಲೇ ಆಗುತ್ತದೆ.

1. ನಂದಿನಿ ಶುಭಂ ಹಾಲು ಒಂದು ಲೀಟರ್ ತೆಗೆದುಕೊಳ್ಳಿ. ಅಗಲ ಬಾಣಲೆಗೆ ಹಾಕಿ ಕುದಿಸಿ, ಉರಿ ಮಧ್ಯಮಕ್ಕಿಂತ ಕಡಿಮೆ ಮಾಡಿ. ಕೆನೆ ಕಟ್ಟಲು ಬಿಡದೆ ತಿರುವುತ್ತಾ ಅರ್ಧ ಲೀಟರ್ ಚಿಲ್ಲರೆಗೆ ಇಳಿಸಿ. ಅದೇ ಸಪ್ಪೆ ಡಬ್ಬದ ಹದ. 6 ಪರ್ಸೆಂಟ್ ಕೊಬ್ಬಿನ ಸಮೃದ್ಧಿ ಹಾಲಾದರೆ 600 ಎಂಎಲ್‌ಗೇ ನಿಲ್ಲಿಸಿ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಾದರೆ 450ರವರೆಗೆ ಇಳಿಸಬೇಕು. ಪ್ಯಾಕೆಟ್ ನೋಡದೆ "ಅರ್ಧಕ್ಕೆ ಇಳಿಸಿ" ಅಂದರೆ ಒಬ್ಬರದು ರಬಡಿ, ಇನ್ನೊಬ್ಬರದು ನೀರುಹಾಲು ಆಗುವುದು ಇದಕ್ಕೇ.

2. ಒಲೆಯಿಂದ ಇಳಿಸಿ. ಉಗುರುಬೆಚ್ಚಗೆ ಆದ ಮೇಲೆ 200 ಗ್ರಾಂ ಸಿಹಿ ಹಾಲು ಬೆರೆಸಿ. ಕುದಿಯುವಾಗಲೇ ಹಾಕಿದರೆ ತಳಕ್ಕೆ ಇಳಿದು ಹತ್ತುತ್ತದೆ.

3. ಏಲಕ್ಕಿ, ಹತ್ತು ಪಿಸ್ತಾ ಚೂರು, ಇಷ್ಟವಿದ್ದರೆ ಕೇಸರಿ. ಈ ಹಂತದಲ್ಲಿ ರುಚಿ ನೋಡಿದರೆ ಸಿಹಿ ಒಂಚೂರು ಜಾಸ್ತಿ ಅನಿಸಬೇಕು. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ.

4. ಪೂರ್ತಿ ಆರಿಸಿ, ಫ್ರಿಜ್ಜಿನಲ್ಲಿ ಎರಡು ತಾಸು ಇಟ್ಟು, ಆಮೇಲೆ ಅಚ್ಚಿಗೆ ಹಾಕಿ ಫ್ರೀಜರಿಗೆ. ಎಂಟು ತಾಸು. ಬಿಸಿಬಿಸಿ ಇಟ್ಟರೆ ನಿಧಾನ ಹೆಪ್ಪುಗಟ್ಟಿ ಮಂಜಿನ ಹರಳು ದೊಡ್ಡದಾಗುತ್ತದೆ.

ಇಲ್ಲಿ ಒಂದು ಗುರುತು ಹೇಳುತ್ತೇನೆ. ಮಿಶ್ರಣವನ್ನು ಸೌಟಿನ ಬೆನ್ನಿಗೆ ಹಚ್ಚಿ ಬೆರಳಲ್ಲಿ ಗೆರೆ ಎಳೆಯಿರಿ. ಗೆರೆ ನಿಂತರೆ ಸರಿ. ಹರಿದು ಕೂಡಿಕೊಂಡರೆ ಹಾಲು ಇನ್ನೂ ಇಳಿಯಬೇಕಿತ್ತು. ಆಗ ಎರಡು ಚಮಚ ಹಾಲಿನ ಪುಡಿ ಕಲಸಿ, ಸಕ್ಕರೆ ಸೇರಿಸಬೇಡಿ.

## ಹಂತ 7: ಹುಳಿ, ಬೆಲ್ಲ ಬಂದಾಗ

ಬೆಲ್ಲದ ಪಾಯಸಕ್ಕೆ ಸಪ್ಪೆ ಡಬ್ಬವೇ ಸರಿ. ಬೆಲ್ಲ ಹಾಕಿದ ಮೇಲೆ ಸಿಹಿ ಡಬ್ಬದ ಸಕ್ಕರೆ ಯಾಕೆ? ಬೆಲ್ಲದ ಹುಳಿ, ಉಪ್ಪಿನ ಅಂಶಗಳು ಬಿಸಿ ಹಾಲನ್ನು ಒಡೆಸುತ್ತವೆ, ಎಲ್ಲರ ಮನೆಯಲ್ಲೂ ಆಗಿರುವುದೇ. ಸಪ್ಪೆ ಡಬ್ಬದ ಹಾಲು ಡಬ್ಬದೊಳಗೇ ಅಷ್ಟು ಕಾವು ತಿಂದು ಬಂದಿರುವುದರಿಂದ, ಆ ಫಾಸ್ಫೇಟೂ ಇರುವುದರಿಂದ, ಪ್ಯಾಕೆಟ್ ಹಾಲಿಗಿಂತ ಜಾಸ್ತಿ ತಡೆಯುತ್ತದೆ. ಹಾಗಂತ ಪರೀಕ್ಷೆ ಮಾಡಲು ಹೋಗಬೇಡಿ. ಕಡಲೆಬೇಳೆ ಬೆಂದು, ಬೆಲ್ಲ ಕುದ್ದ ಮೇಲೆ ಒಲೆ ಆರಿಸಿ. ಬೆರಳು ಅದ್ದಿದರೆ ತಡೆಯುವಷ್ಟು ಆರಲಿ. ಆಗ ಹಾಲು ಬೆರೆಸಿ. ಮತ್ತೆ ಕುದಿಸಬೇಡಿ. ಮನೆಯಲ್ಲಿ ಇಳಿಸಿದ ಹಾಲಿಗೆ ಆ ತಡೆಯುವ ಶಕ್ತಿ ಇಲ್ಲ, ಇನ್ನೂ ತಣ್ಣಗೆ ಮಾಡಿ ಹಾಕಿ.

ನಿಂಬೆ ವಿಷಯದಲ್ಲಿ ಉಲ್ಟಾ. ಸಿಹಿ ಡಬ್ಬ ಒಂದಕ್ಕೆ ನೂರು ಎಂಎಲ್ ನಿಂಬೆರಸ ಹಾಕಿ ಕಲಸಿದರೆ ಬೆಂಕಿಯೇ ಇಲ್ಲದೆ ದಪ್ಪ ಆಗುತ್ತದೆ. ಹುಳಿಗೆ ಹಾಲಿನ ಪ್ರೋಟೀನ್ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಸಕ್ಕರೆ ಪಾಕ ಅದನ್ನು ಗಡ್ಡೆ ಆಗಲು ಬಿಡಲ್ಲ. ಮೂರು ನಾಲ್ಕು ತಾಸು ಫ್ರಿಜ್ಜಿನಲ್ಲಿಟ್ಟರೆ ಚಮಚದಲ್ಲಿ ತೆಗೆಯುವ ಹದ. ಅದೇ ರಸವನ್ನು ಸಪ್ಪೆ ಡಬ್ಬಕ್ಕೆ ಹಾಕಿದರೆ ಒಡೆದ ಹಾಲು, ಅಷ್ಟೇ. ನಿಂಬೆ ಪುಡ್ಡಿಂಗ್ ನೀರಾಯಿತು ಅನ್ನುವ ಮುಂಚೆ ಡಬ್ಬ ತಿರುಗಿಸಿ ನೋಡಿ.

## ಹಂತ 8: ಕ್ಯಾರಮೆಲ್ ಆಸೆಗೆ ಡಬ್ಬ ಕುದಿಸಬೇಡಿ

ಸಿಹಿ ಡಬ್ಬವನ್ನು ಮುಚ್ಚಿದ ಹಾಗೇ ಕುಕ್ಕರಿನಲ್ಲಿಟ್ಟು ಕ್ಯಾರಮೆಲ್ ಮಾಡುವ ವಿಡಿಯೋ ನೋಡಿದವರು ಬಹಳ. ಬೇಡ. ನೀರು ಬತ್ತಿದರೆ, ಅಥವಾ ಬಿಸಿ ಇರುವಾಗಲೇ ಮುಚ್ಚಳ ಎಳೆದರೆ, ಒಳಗಿನ ಒತ್ತಡಕ್ಕೆ ಕುದಿಯುವ ಸಕ್ಕರೆಹಾಲು ಮುಖಕ್ಕೆ ಹಾರುತ್ತದೆ. ಅದು ಅಂಟಿಕೊಂಡು ಸುಡುತ್ತದೆ. ಉಂಗುರ ಎಳೆದು ತೆರೆಯುವ ಡಬ್ಬದ ಮುಚ್ಚಳ ಇನ್ನೂ ದುರ್ಬಲ.

ಹಾಲನ್ನು ಸ್ಟೀಲ್ ಬಟ್ಟಲಿಗೆ ಸುರಿದು, ಮೇಲೆ ತಟ್ಟೆ ಮುಚ್ಚಿ, ಕುದಿಯುವ ನೀರಿನ ಪಾತ್ರೆಯೊಳಗೆ ಸಣ್ಣ ಉರಿಯಲ್ಲಿ ಇಡಿ. ನಡುನಡುವೆ ಕಲಸಿ, ಕೆಳಗಿನ ನೀರು ಕಡಿಮೆಯಾದರೆ ಸೇರಿಸಿ. ಒಂದೂವರೆ, ಎರಡು ತಾಸಿಗೆ ಬೆಲ್ಲದ ಬಣ್ಣ ಬರುತ್ತದೆ. ನಿಧಾನ, ಆದರೆ ಅಡುಗೆಮನೆ ಗೋಡೆ ತೊಳೆಯುವ ಕೆಲಸ ಇರಲ್ಲ.

## ಹಂತ 9: ಉಳಿದದ್ದನ್ನು ಇಡುವ ಬಗೆ

ಒಡೆದ ಡಬ್ಬದಲ್ಲೇ ಹಾಲು ಬಿಡಬೇಡಿ, ಗಾಜಿನ ಅಥವಾ ಸ್ಟೀಲ್ ಡಬ್ಬಿಗೆ ಹಾಕಿ. ಸಪ್ಪೆ ಡಬ್ಬ ತೆರೆದ ಕ್ಷಣದಿಂದ ಒಳಗಿನದು ಮಾಮೂಲಿ ಕಾಯಿಸಿದ ಹಾಲೇ. ಫ್ರಿಜ್ಜಿನಲ್ಲಿ ಮೂರು ದಿನಕ್ಕೆ ಮುಗಿಸಿ. ಸಿಹಿ ಹಾಲು ಫ್ರಿಜ್ಜಿನಲ್ಲಿ ಎರಡು ವಾರ ನಡೆಯುತ್ತದೆ, ಒದ್ದೆ ಚಮಚ ಹಾಕದಿದ್ದರೆ. ಒದ್ದೆ ಚಮಚ ಬಿದ್ದ ಕಡೆ ಸಕ್ಕರೆ ತೆಳುವಾಗಿ ಅಲ್ಲಿಂದಲೇ ಬೂಸ್ಟು ಶುರುವಾಗುತ್ತದೆ. ಮನೆಯಲ್ಲಿ ಇಳಿಸಿದ ಸಿಹಿ ಹಾಲಿಗೆ ಕಾರ್ಖಾನೆಯ ಹದ ಇರಲ್ಲ, ಒಂದು ವಾರ ಸಾಕು. ಫ್ರಿಜ್ಜಿನಲ್ಲಿ ಅದು ಮರಳಾದರೆ ಕೆಟ್ಟಿತು ಅಂತಲ್ಲ, ಹಾಲಿನ ಸಕ್ಕರೆ ಹರಳಾಗಿದೆ. ಬರ್ಫಿಗೆ ನಡೆಯುತ್ತದೆ.

ಒಡೆಯದ ಡಬ್ಬದ ಮುಚ್ಚಳ ಉಬ್ಬಿದ್ದರೆ, ಅಂಚಿನಲ್ಲಿ ಸೋರಿದ್ದರೆ, ತೆರೆದಾಗ ಬುಸ್ ಅಂದರೆ, ರುಚಿ ನೋಡಲೂ ಹೋಗಬೇಡಿ. ಸಪ್ಪೆ ಡಬ್ಬದಲ್ಲಂತೂ ಕಾಯಲು ಸಕ್ಕರೆಯೂ ಇಲ್ಲ. ನೇರ ಕಸಕ್ಕೆ. ಡಬ್ಬ ತೆರೆದು ಬೇರೆ ಡಬ್ಬಿಗೆ ಹಾಕಿದ ಹಾಲಿನ ಮುಚ್ಚಳದ ಮೇಲೆ ಪೆನ್ನಿನಲ್ಲಿ ತಾರೀಖು ಬರೆದು, ಪಕ್ಕದಲ್ಲಿ "ಸಿಹಿ" ಅಥವಾ "ಸಪ್ಪೆ" ಅಂತಲೂ ಬರೆಯಿರಿ. ಫ್ರಿಜ್ಜಿನಲ್ಲಿ ತಣ್ಣಗೆ ಕೂತ ಮೇಲೆ ಎರಡೂ ನೋಡಲು ಒಂದೇ ಥರ.